ನೋಡುವ ಕಣ್ಣು, ಹೇಳುವ ಬಾಯಿ: ‘ಎಮ್ಮಾ’ ಕಾದಂಬರಿಯ ಒಂದು ಅಧ್ಯಾಯ

ಒಂದು ಮನೆಯಲ್ಲಿ ಅತ್ತೆಗೂ ಸೊಸೆಗೂ ಮಾತಿಗೆ ಮಾತು ಬೆಳೆಯಿತೆಂದು ಇಟ್ಟುಕೊಳ್ಳೋಣ. ಅತ್ತೆಯ ಬಾಯಿಂದ ಕೇಳಿದವರು ಅತ್ತೆಯ ಪಕ್ಷ, ಸೊಸೆಯ ಬಾಯಿಂದ ಕೇಳಿದವರು ಸೊಸೆಯ ಪಕ್ಷ. ಇದು ಲೋಕದ ವಾಡಿಕೆ. ಆದರೂ ಹೇಳುವವಳು ತಾನೇ ಜಗಳದಲ್ಲಿ ಸೇರಿದವಳೆಂಬುದು ಕೇಳುವವರಿಗೆ ತಿಳಿದಿರುವುದರಿಂದ ಅವರು ಸ್ವಲ್ಪ ಎಚ್ಚರಿಕೆಯಿಂದಲೇ ಕೇಳುತ್ತಾರೆ. ಈಗ ಬೇರೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಜಗಳಕ್ಕೆ ಸಂಬಂಧವೇ ಇಲ್ಲದ ಮೂರನೆಯವರೊಬ್ಬರು ‘ಅವಳು ಹೀಗೆ ಮಾಡಿದಳು, ಅವಳಿಗೆ ಹೀಗೆನ್ನಿಸಿತು’ ಎಂದು ಸಮಾಧಾನದ ಧ್ವನಿಯಲ್ಲಿ ಹೇಳುತ್ತಾರೆ. ಆದರೆ ಹೇಳುವುದೆಲ್ಲವೂ ಸೊಸೆ ಕಂಡದ್ದು, ಸೊಸೆ ಅಂದುಕೊಂಡದ್ದು. ಇಲ್ಲಿ ಧ್ವನಿ ಮಧ್ಯಸ್ಥನದು, ಕಣ್ಣು ಮಾತ್ರ ಸೊಸೆಯದು. ಕೇಳುವವರ ಎಚ್ಚರ ತಪ್ಪುವುದು ಇಂಥ ಕಥನದಲ್ಲಿಯೇ.

ಕಾದಂಬರಿಕಾರರು ಈ ಬಗೆಯ ಕಥನವನ್ನು ಬಹಳವಾಗಿ ಬಳಸಿಕೊಂಡಿದ್ದಾರೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಕಥೆ ನಡೆಯುವುದು ಪ್ರಥಮ ಪುರುಷದಲ್ಲಿ, ಎಂದರೆ ಅವನು, ಅವಳು ಎಂಬ ಮಾತುಗಳಲ್ಲಿ. ಆದರೆ ಓದುಗನಿಗೆ ದೊರೆಯುವ ಅರಿವು ಒಂದೇ ಪಾತ್ರದ ಅರಿವಿನ ಎಲ್ಲೆಯೊಳಗೆ ನಿಲ್ಲುತ್ತದೆ. ಫ್ರೆಂಚ್ ವಿಮರ್ಶಕನಾದ ಜೆರಾರ್ ಜೆನೆಟ್ 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ‘ಫೋಕಲೈಸೇಷನ್’ ಎಂಬ ಹೆಸರನ್ನು ಕೊಟ್ಟನು. ಯಾರು ಹೇಳುತ್ತಾರೆ ಎಂಬುದು ಒಂದು ಪ್ರಶ್ನೆ, ಯಾರು ನೋಡುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ. ಹಿಂದಿನವರು ಇವೆರಡನ್ನೂ ಬೆರೆಸಿಬಿಟ್ಟಿದ್ದರು ಎಂಬುದು ಅವನ ಆಕ್ಷೇಪ. ಈ ಪದಕ್ಕೆ ನಾವು ಈಗ ‘ನೋಟದ ನೆಲೆ’ ಎನ್ನೋಣ. ಈ ನೆಲೆ ನಮ್ಮ ಸಹಾನುಭೂತಿಯನ್ನು ಯಾರ ಕಡೆಗೆ, ಎಷ್ಟು, ಯಾವಾಗ ತಿರುಗಿಸುತ್ತದೆ ಎಂಬುದನ್ನು ಒಂದೇ ಒಂದು ಅಧ್ಯಾಯವನ್ನು ಇಟ್ಟುಕೊಂಡು ಪರೀಕ್ಷಿಸುವುದು ಈ ಹೊತ್ತಿನ ಉದ್ದೇಶ.

ಆ ಅಧ್ಯಾಯ ಜೇನ್ ಆಸ್ಟೆನ್ನಳ ‘ಎಮ್ಮಾ’ ಕಾದಂಬರಿಯದು. ಗ್ರಂಥವು 1815ರ ಡಿಸೆಂಬರಿನಲ್ಲಿ ಮೂರು ಸಂಪುಟಗಳಾಗಿ ಹೊರಬಿದ್ದಿತು. ಮೂರನೆಯ ಸಂಪುಟದ ಏಳನೆಯ ಅಧ್ಯಾಯ, ಒಂದೇ ಸಂಪುಟವಾಗಿ ಅಚ್ಚಾದ ಪ್ರತಿಗಳಲ್ಲಿ ನಲವತ್ತಮೂರನೆಯದು, ಬಾಕ್ಸ್ ಹಿಲ್ ಎಂಬ ಗುಡ್ಡಕ್ಕೆ ಹೋದ ವಿಹಾರದ ಕಥೆ. ಗುಡ್ಡ ನಿಜವಾದದ್ದು, ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿದೆ. ವಿಹಾರಕ್ಕೆ ಬಂದವರ ಊರಾದ ಹೈಬರಿ ಮಾತ್ರ ಕಲ್ಪನೆಯದು.

ಕಾದಂಬರಿಯನ್ನು ಓದದವರಿಗಾಗಿ ಪಾತ್ರಗಳ ಪರಿಚಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಮ್ಮಾ ವುಡ್‌ಹೌಸ್ ಇಪ್ಪತ್ತೊಂದರ ಪ್ರಾಯದವಳು, ರೂಪವತಿ, ಬುದ್ಧಿವಂತೆ, ಧನಿಕನ ಮಗಳು. ಊರಿನಲ್ಲಿ ಅವಳ ಮಾತಿಗೆ ಎದುರಿಲ್ಲ. ಮಿಸ್ ಬೇಟ್ಸ್ ಹಿಂದಿನ ಪಾದ್ರಿಯ ಮಗಳು, ಅವಿವಾಹಿತೆ, ನಡುವಯಸ್ಸಿನವಳು; ಮುದಿ ತಾಯಿಯೊಡನೆ ಬಾಡಿಗೆಯ ಕೋಣೆಗಳಲ್ಲಿ ಬಡತನದಿಂದ ಕಾಲ ಕಳೆಯುತ್ತಾಳೆ. ಒಳ್ಳೆಯವಳು, ಆದರೆ ಮಾತಿಗೆ ತೊಡಗಿದರೆ ಮುಗಿಸಲಾರಳು. ಜೇನ್ ಫೇರ್‌ಫ್ಯಾಕ್ಸ್ ಈಕೆಯ ಸೋದರಿಯ ಮಗಳು, ಗುಣವತಿ, ಮೌನಿ. ಫ್ರಾಂಕ್ ಚರ್ಚಿಲ್ ಎಂಬ ತರುಣನು ಜೇನಳೊಡನೆ ಗುಟ್ಟಾಗಿ ವಿವಾಹ ನಿಶ್ಚಯ ಮಾಡಿಕೊಂಡಿದ್ದಾನೆ. ಆ ಗುಟ್ಟನ್ನು ಮುಚ್ಚಲು ಎಮ್ಮಾಳ ಹಿಂದೆ ಸುತ್ತುತ್ತಾನೆ. ಇದು ಎಮ್ಮಾಳಿಗೆ ತಿಳಿಯದು. ಮೊದಲ ಸಲ ಓದುವವನಿಗೂ ತಿಳಿಯದು. ಕಡೆಯವನು ಮಿಸ್ಟರ್ ನೈಟ್ಲಿ, ಎಮ್ಮಾಳಿಗಿಂತ ಹದಿನಾರು ವರ್ಷ ಹಿರಿಯನು, ಅವಳ ಮನೆಯ ಬಂಧು, ಅವಳ ತಪ್ಪನ್ನು ಮುಖದೆದುರಿಗೆ ಹೇಳುವ ಒಬ್ಬನೇ ಮನುಷ್ಯ.

ಅಂದು ನಡೆದದ್ದು ಇಷ್ಟು. ಏಳು ಮೈಲಿ ದಾರಿ ಸಾಗಿ ಎಲ್ಲರೂ ಗುಡ್ಡವನ್ನು ಸೇರುತ್ತಾರೆ. ಹವೆ ಸೊಗಸಾಗಿದೆ, ಜನರ ಮನಸ್ಸುಗಳು ಮಾತ್ರ ಕೂಡುವುದಿಲ್ಲ. ಇಬ್ಬರು ಮೂವರಾಗಿ ಚೆದುರಿ ಎರಡು ಗಂಟೆಯ ಕಾಲ ನೀರಸವಾಗಿ ತಿರುಗುತ್ತಾರೆ. ಆಮೇಲೆ ಒಂದೆಡೆ ಕುಳಿತಾಗ ಫ್ರಾಂಕ್ ಚರ್ಚಿಲ್ ಒಮ್ಮೆಲೇ ಉತ್ಸಾಹ ತಂದುಕೊಂಡು, ಎಮ್ಮಾಳ ಅಪ್ಪಣೆಯೆಂದು ಒಂದು ಆಟ ಹೂಡುತ್ತಾನೆ: ಪ್ರತಿಯೊಬ್ಬರೂ ಬಹಳ ಜಾಣತನದ ಒಂದು ಮಾತನ್ನೋ, ಸಾಧಾರಣವಾದ ಎರಡನ್ನೋ, ತೀರ ಪೆದ್ದಾದ ಮೂರನ್ನೋ ಹೇಳಬೇಕು. ಪೆದ್ದು ಮಾತು ಮೂರಾದರೆ ತನಗೇನೂ ಕಷ್ಟವಿಲ್ಲ, ಬಾಯಿ ತೆರೆದರೆ ಬರುವುದು ಅದೇ, ಎಂದು ಮಿಸ್ ಬೇಟ್ಸ್ ತನ್ನನ್ನೇ ಹಾಸ್ಯ ಮಾಡಿಕೊಂಡು, ಎಲ್ಲರೂ ತಲೆದೂಗುವರೆಂಬ ನಂಬಿಕೆಯಿಂದ ಸುತ್ತಲೂ ನೋಡುತ್ತಾಳೆ. ಎಮ್ಮಾ ವಿನಯವನ್ನು ನಟಿಸುತ್ತ, ಆದರೆ ಒಂದು ತೊಂದರೆಯುಂಟು, ಒಂದು ಸಲಕ್ಕೆ ಮೂರೇ ಎಂದು ಮಿತಿಯಿದೆಯಲ್ಲ, ಎಂದುಬಿಡುತ್ತಾಳೆ. ಆಟ ಮುಂದುವರಿಯುತ್ತದೆ. ಸಂಜೆ ಗಾಡಿಗಾಗಿ ಕಾಯುವಾಗ ನೈಟ್ಲಿ ಎಮ್ಮಾಳನ್ನು ಕಟುವಾಗಿ ಆಕ್ಷೇಪಿಸುತ್ತಾನೆ. ಅವಳು ಉತ್ತರ ಹೇಳದೆ ಗಾಡಿ ಹತ್ತುತ್ತಾಳೆ, ದಾರಿಯುದ್ದಕ್ಕೂ ಅಳುತ್ತಾಳೆ.

ಇದರಲ್ಲಿ ನೊಂದವಳು ಮಿಸ್ ಬೇಟ್ಸ್, ನೋಯಿಸಿದವಳು ಎಮ್ಮಾ. ಆದರೆ ಅಧ್ಯಾಯ ಮುಗಿದಾಗ ಓದುಗನ ಮನಸ್ಸು ಇರುವುದು ಎಮ್ಮಾಳ ಗಾಡಿಯಲ್ಲಿ. ನೊಂದವಳ ನೋವಿಗೆ ಗ್ರಂಥಕರ್ತ್ರಿ ಕೊಟ್ಟಿರುವುದು ಸುಮಾರು ಒಂದು ವಾಕ್ಯ. ನೋಯಿಸಿದವಳ ಪಶ್ಚಾತ್ತಾಪಕ್ಕೆ ಕೊಟ್ಟಿರುವುದು ಅಧ್ಯಾಯದ ಕೊನೆಯ ಭಾಗವೆಲ್ಲ. ಇದು ನ್ಯಾಯವೆ? ಕಥನದ ಉಪಾಯ ನಮ್ಮನ್ನು ಅಪರಾಧಿಯ ಪಕ್ಷಕ್ಕೆ ಸೆಳೆದುಬಿಟ್ಟಿತೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ನೋಟದ ನೆಲೆ ಎಲ್ಲೆಲ್ಲಿ ನಿಂತಿದೆ, ಎಲ್ಲಿ ಕದಲಿದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು.

ನೋಡುವುದಕ್ಕೆ ಒಂದು ಸುಲಭವಾದ ಪರೀಕ್ಷೆಯಿದೆ. 1966ರಲ್ಲಿ ರೋಲಾಂ ಬಾರ್ತ್ ಎಂಬ ಫ್ರೆಂಚ್ ವಿದ್ವಾಂಸನು ಇದನ್ನು ಸೂಚಿಸಿದನು. ಪ್ರಥಮ ಪುರುಷದಲ್ಲಿರುವ ವಾಕ್ಯವನ್ನು ಉತ್ತಮ ಪುರುಷಕ್ಕೆ ತಿರುಗಿಸಿ, ‘ಅವಳು’ ಇದ್ದಲ್ಲಿ ‘ನಾನು’ ಇಡಿ. ಬೇರೆ ಏನನ್ನೂ ಬದಲಾಯಿಸದೆ ವಾಕ್ಯ ನಿಂತರೆ ಅದು ಆ ಪಾತ್ರದ ಒಳಗಿನಿಂದ ಬಂದದ್ದು. ನಿಲ್ಲದೆ ತೊಡಕಿದರೆ ನೋಟ ಬೇರೆ ಕಡೆಗೆ ಹೋಗಿದೆ ಎಂದರ್ಥ.

ಅಧ್ಯಾಯದ ಮೊದಲ ಭಾಗಕ್ಕೆ ಇದನ್ನು ಹಚ್ಚಿ ನೋಡೋಣ. ಎಮ್ಮಾಳಿಗೆ ಬೇಸರವಾಗಿದೆ, ಫ್ರಾಂಕನ ಮಂಕುತನ ಅವಳಿಗೆ ಹಿಡಿಸಿಲ್ಲ, ಅವನು ಮಾತನಾಡತೊಡಗಿದ ಮೇಲೆ ಸ್ವಲ್ಪ ಗೆಲುವಾಗಿದೆ. ಇವೆಲ್ಲ ‘ನನಗೆ’ ಎಂದರೂ ಸರಿಹೋಗುತ್ತವೆ. ಅವಳು ನಗುತ್ತಿದ್ದದ್ದು ಸಂತೋಷದಿಂದಲ್ಲ, ನಿರೀಕ್ಷಿಸಿದ ಸಂತೋಷ ದೊರೆಯದೆ ಹೋದದ್ದರಿಂದ ಎಂದು ಗ್ರಂಥಕರ್ತ್ರಿ ತಿಳಿಸುತ್ತಾಳೆ. ಈ ಒಂದು ಅರಿವನ್ನು ಓದುಗನು ಜೊತೆಗಿಟ್ಟುಕೊಳ್ಳಬೇಕು. ಮುಂದೆ ಆಡುವ ಕೆಟ್ಟ ಮಾತು ಕ್ರೌರ್ಯದಿಂದ ಹುಟ್ಟಿದ್ದಲ್ಲ, ನಿರುತ್ಸಾಹವನ್ನು ಮುಚ್ಚಿಕೊಳ್ಳುವ ಹುರುಪಿನಿಂದ ಹುಟ್ಟಿದ್ದು ಎಂದು ನಮಗೆ ಗೊತ್ತು. ಗುಡ್ಡದ ಮೇಲೆ ಕುಳಿತಿದ್ದ ಬೇರೆ ಯಾರಿಗೂ ಅದು ಗೊತ್ತಿಲ್ಲ.

ಆದರೆ ಅಲ್ಲಿಯೇ ನೋಟ ಒಂದು ಕ್ಷಣ ಹೊರಕ್ಕೆ ಹೋಗುತ್ತದೆ. ಇವರಿಬ್ಬರ ಸಲ್ಲಾಪವು ನೋಡುವವರ ಕಣ್ಣಿಗೆ ಮಿತಿಮೀರಿದ ಸರಸದಂತೆಯೇ ಕಂಡಿರಬೇಕು. ಅದನ್ನು ಕಾಗದದಲ್ಲಿ ಬರೆದು ದೂರದ ಊರುಗಳಿಗೆ ಕಳುಹಿಸಬಲ್ಲ ಹೆಂಗಸರು ಅಲ್ಲಿಯೇ ಇದ್ದರು, ಎಂಬ ಅರ್ಥದ ಮಾತು ಬರುತ್ತದೆ. ಒಳಗಿನಿಂದ ನೋಡಿದರೆ ನಿರ್ದೋಷವಾದ ಗೆಲುವು, ಹೊರಗಿನಿಂದ ನೋಡಿದರೆ ನಾಚಿಕೆಗೇಡು. ಒಂದೇ ನಡತೆಗೆ ಎರಡು ಮುಖಗಳಿರುವುದನ್ನು ಓದುಗನು ಇಲ್ಲಿ ಮೊದಲು ಕಲಿಯುತ್ತಾನೆ. ಈ ಪಾಠ ಹತ್ತಿರದಲ್ಲಿಯೇ ಉಪಯೋಗಕ್ಕೆ ಬರುತ್ತದೆ.

ಈಗ ಆ ಮಾತು ಆಡಿದ ಘಳಿಗೆ. ಎಮ್ಮಾಳಿಗೆ ತಡೆಯಲಾಗಲಿಲ್ಲ ಎಂದು ಮಾತ್ರ ಹೇಳಿ ಗ್ರಂಥಕರ್ತ್ರಿ ಮುಂದೆ ಹೋಗುತ್ತಾಳೆ. ಆಡಲೋ ಬೇಡವೋ ಎಂಬ ಯೋಚನೆಯಿಲ್ಲ, ಈಕೆಯನ್ನು ಹಂಗಿಸಬೇಕೆಂಬ ಸಂಕಲ್ಪವಿಲ್ಲ. ಅವಳ ಮನಸ್ಸಿನೊಳಗೆ ಇಷ್ಟು ಹೊತ್ತು ಇದ್ದ ನಮಗೆ ಅಲ್ಲಿ ದುರುದ್ದೇಶ ಕಾಣಲಿಲ್ಲ, ಕಂಡದ್ದು ಚಪಲ. ಇಲ್ಲಿ ಎರಡು ವಾಕ್ಯಗಳ ಆಲೋಚನೆಯನ್ನು ಸೇರಿಸಿದ್ದರೂ ಎಮ್ಮಾ ಕ್ಷಮೆಗೆ ದೂರವಾಗುತ್ತಿದ್ದಳು.

ಇನ್ನೂ ಒಂದು ಸಂಗತಿಯನ್ನು ಮರೆಯಬಾರದು. ಈ ಅಧ್ಯಾಯಕ್ಕೆ ಬರುವುದರೊಳಗಾಗಿ ಓದುಗನು ಮಿಸ್ ಬೇಟ್ಸಳ ಮಾತನ್ನು ಪುಟಗಟ್ಟಲೆ ಓದಿದ್ದಾನೆ. ಅದನ್ನು ಎಮ್ಮಾಳ ಕಿವಿಯಿಂದ ಕೇಳಿದ್ದಾನೆ, ಎಮ್ಮಾಳಂತೆಯೇ ಬೇಸತ್ತಿದ್ದಾನೆ. ಆದುದರಿಂದ ಹಾಸ್ಯದ ಬಾಣ ಹೊರಟಾಗ ಅವನಿಗೂ ನಗು ಬರುತ್ತದೆ. ಒಂದೇ ಪಾತ್ರದ ಜೊತೆಯಲ್ಲಿ ಬಹಳ ದೂರ ನಡೆದವನು ಅದರ ಗುಣದಲ್ಲಿ ಮಾತ್ರವಲ್ಲ, ದೋಷದಲ್ಲಿಯೂ ಪಾಲುಗಾರನಾಗುತ್ತಾನೆ.

ಮುಂದಿನ ವಾಕ್ಯದಲ್ಲಿ ಗ್ರಂಥಕರ್ತ್ರಿ ನೆಲೆಯನ್ನು ಬಿಡುತ್ತಾಳೆ. ಎಮ್ಮಾಳ ನಟನೆಯ ವಿನಯಕ್ಕೆ ಮೋಸಹೋದ ಮಿಸ್ ಬೇಟ್ಸಳಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ಬರಲಿಲ್ಲ. ಆದರೆ ಮುಖ ಸ್ವಲ್ಪ ಕೆಂಪೇರಿ, ನೋವಾಯಿತೆಂಬುದನ್ನು ತೋರಿಸಿತು. ಆಕೆ ನೈಟ್ಲಿಯ ಕಡೆಗೆ ತಿರುಗಿ, ತಾನು ಬಹಳ ಬೇಸರ ಬರಿಸುವವಳೇ ಆಗಿರಬೇಕು, ಇಲ್ಲದಿದ್ದರೆ ಹಳೆಯ ಸ್ನೇಹಿತೆಗೆ ಎಮ್ಮಾ ಇಂಥ ಮಾತು ಹೇಳುತ್ತಿರಲಿಲ್ಲ, ಇನ್ನು ಬಾಯಿ ಬಿಗಿಹಿಡಿಯಲು ಪ್ರಯತ್ನಿಸುತ್ತೇನೆ, ಎನ್ನುತ್ತಾಳೆ.

ಮುಖ ಕೆಂಪೇರಿದ್ದನ್ನು ಕಂಡವರು ಯಾರು? ವಾಕ್ಯ ಹೇಳುವುದಿಲ್ಲ. ‘ನನ್ನ ನಟನೆಗೆ ಮೋಸಹೋದ ಆಕೆಗೆ ಅರ್ಥವಾಗಲಿಲ್ಲ, ಆಮೇಲೆ ನೋವಾಯಿತು’ ಎಂದು ಎಮ್ಮಾಳ ಬಾಯಿಗೆ ತಿರುಗಿಸಿ ನೋಡಿ. ವ್ಯಾಕರಣವೇನೋ ಒಪ್ಪುತ್ತದೆ, ಕಥೆ ಒಪ್ಪುವುದಿಲ್ಲ. ಏಕೆಂದರೆ ಸಂಜೆ ನೈಟ್ಲಿ ಆಕ್ಷೇಪಿಸಿದಾಗ ಎಮ್ಮಾಳ ಮೊದಲ ಸಮಾಧಾನವೇ ಆಕೆಗೆ ಬಹುಶಃ ಅರ್ಥವಾಗಿರಲಾರದು ಎಂಬುದು. ಅಲ್ಲಿ ಗ್ರಂಥಕರ್ತ್ರಿ ಇನ್ನೂ ಒಂದು ಗುರುತು ಇಟ್ಟಿದ್ದಾಳೆ: ಅವನು ಹೇಳಿದ ಮೇಲೆ ಎಮ್ಮಾಳಿಗೆ ನೆನಪಾಯಿತು, ಆಗ ಅವಳ ಮುಖವೂ ಕೆಂಪೇರಿತು. ನೆನಪಾಗಬೇಕಾದರೆ ನಡುವೆ ಮರೆತಿರಬೇಕು. ಆ ನೋವನ್ನು ಎಮ್ಮಾ ಕಾಣಲೇ ಇಲ್ಲವೋ, ಕಂಡು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲವೋ, ಅಂತೂ ಅದು ಅವಳ ಮನಸ್ಸಿನಲ್ಲಿ ನಿಲ್ಲಲಿಲ್ಲ. ಓದುಗನ ಮನಸ್ಸಿನಲ್ಲಿ ನಿಂತಿತು.

ಈ ಅಧ್ಯಾಯದ ಕೀಲು ಇರುವುದು ಇಲ್ಲಿ. ಒಂದೇ ವಾಕ್ಯದಿಂದ ಓದುಗನ ಅರಿವು ಎಮ್ಮಾಳ ಅರಿವಿಗಿಂತ ದೊಡ್ಡದಾಯಿತು. ಅದರ ಪರಿಣಾಮ ಮುಂದಿನ ಪುಟಗಳಲ್ಲಿ ತಿಳಿಯುತ್ತದೆ. ಮಿಸ್ ಬೇಟ್ಸ್ ಮೌನವಾದ ಕೂಡಲೆ ಮಿಸ್ಟರ್ ವೆಸ್ಟನ್ ಎಂಬ ಸರಳ ಮನುಷ್ಯನು ಒಂದು ಒಗಟನ್ನು ಒಡ್ಡುತ್ತಾನೆ. ಎಮ್ಮಾಳ ಹೆಸರಿನ ಅಕ್ಷರಗಳಲ್ಲಿಯೇ ಪರಿಪೂರ್ಣತೆಯಿದೆ ಎಂಬುದು ಅದರ ಬಿಡಿಸಿಕೆ. ಎಮ್ಮಾ ಅದನ್ನು ಕೇಳಿ ನಲಿಯುತ್ತಾಳೆ. ಬೇರೆ ಸಮಯದಲ್ಲಿ ನಾವೂ ನಲಿಯುತ್ತಿದ್ದೆವು. ಆದರೆ ನಮ್ಮ ಕಣ್ಣಿನಲ್ಲಿ ಆ ಕೆಂಪೇರಿದ ಮುಖ ಇನ್ನೂ ಇರುವುದರಿಂದ ಹೊಗಳಿಕೆ ಮುಳ್ಳಿನಂತೆ ಚುಚ್ಚುತ್ತದೆ. ಕಥೆ ಎಮ್ಮಾಳ ಜೊತೆಯಲ್ಲಿಯೇ ನಡೆಯುತ್ತದೆ, ನಾವೂ ಜೊತೆಯಲ್ಲಿಯೇ ಇದ್ದೇವೆ, ಆದರೆ ಹಿತವಾಗಿಲ್ಲ. ಯಾರಾದರೂ ಇವಳಿಗೆ ಹೇಳಬಾರದೆ ಎಂದು ಮನಸ್ಸು ಹಂಬಲಿಸುತ್ತದೆ. ಆದುದರಿಂದಲೇ ನೈಟ್ಲಿ ಬಾಯಿ ತೆರೆದಾಗ ಅವನ ಮಾತು ನಮಗೆ ಹೊರಗಿನ ಉಪದೇಶದಂತೆ ಕೇಳುವುದಿಲ್ಲ. ಇಷ್ಟು ಹೊತ್ತೂ ನಾವು ನುಂಗಿಕೊಂಡಿದ್ದ ಮಾತೇ ಅವನ ಬಾಯಿಂದ ಬಂದಂತಿರುತ್ತದೆ.

ಅವನು ಹೇಳುವುದಾದರೂ ಏನು? ಮಿಸ್ ಬೇಟ್ಸಳಿಗೆ ಅರ್ಥವಾಯಿತು. ಆಕೆ ಆಮೇಲೆ ಅದನ್ನು ಕುರಿತು ಮಾತನಾಡಿದಳು. ಮಾತನಾಡಿದ್ದು ದೂರುವುದಕ್ಕಲ್ಲ, ತನ್ನಂಥವಳನ್ನು ಎಮ್ಮಾ ಇಷ್ಟು ದಿನ ಸಹಿಸಿದಳಲ್ಲ ಎಂದು ಉಪಕಾರ ಸ್ಮರಿಸುವುದಕ್ಕೆ. ಆಕೆ ಸಿರಿವಂತಳಾಗಿದ್ದರೆ, ನಿನ್ನ ಸಮಾನಳಾಗಿದ್ದರೆ ಈ ಹಾಸ್ಯವನ್ನು ನಾನು ಮನ್ನಿಸುತ್ತಿದ್ದೆ. ಆದರೆ ಆಕೆ ಬಡವಳು, ಹುಟ್ಟಿದ ಸ್ಥಿತಿಯಿಂದ ಕೆಳಗಿಳಿದವಳು, ಬದುಕಿದರೆ ಇನ್ನೂ ಇಳಿಯಬೇಕಾದವಳು. ನಿನ್ನನ್ನು ಮಗುವಾಗಿ ಎತ್ತಿ ಆಡಿಸಿದ ಕಾಲದಲ್ಲಿ ಆಕೆಯ ಆದರ ನಿನಗೇ ಒಂದು ಗೌರವವಾಗಿತ್ತು. ಅಂಥವಳನ್ನು ಅವಳ ಸೋದರಿಯ ಮಗಳ ಎದುರಿಗೆ, ನಿನ್ನ ದಾರಿಯನ್ನೇ ಹಿಡಿಯುವ ಜನರ ಎದುರಿಗೆ ಹಂಗಿಸಿದೆ. ಇದು ಅವನ ಮಾತಿನ ತಾತ್ಪರ್ಯ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಿಸ್ ಬೇಟ್ಸ್ ಆಮೇಲೆ ಏನು ಹೇಳಿದಳೆಂಬುದನ್ನು ನಾವು ನೇರವಾಗಿ ಕೇಳಲಿಲ್ಲ. ಎಮ್ಮಾ ಅಲ್ಲಿರಲಿಲ್ಲವಾದ್ದರಿಂದ ನಾವೂ ಇರಲಿಲ್ಲ. ಅದು ನೈಟ್ಲಿಯ ಮೂಲಕ ಎಮ್ಮಾಳ ಕಿವಿಗೆ ಬಿದ್ದು ಅಲ್ಲಿಂದ ನಮಗೆ ಬರುತ್ತದೆ. ನೊಂದವಳ ಔದಾರ್ಯ ನಮಗೆ ತಲುಪುವುದೂ ನೋಯಿಸಿದವಳ ಹೃದಯಕ್ಕೆ ನಾಟಿದ ಮೇಲೆಯೇ. ಹೀಗಾಗಿ ಒಂದೇ ಏಟಿನಲ್ಲಿ ಇಬ್ಬರ ಮೇಲೂ ಮರುಕ ಹುಟ್ಟುತ್ತದೆ.

ಕೊನೆಯ ಘಟ್ಟದಲ್ಲಿ ಅರಿವಿನ ತಕ್ಕಡಿ ಇನ್ನೊಂದು ಕಡೆಗೆ ತೂಗುತ್ತದೆ. ಎಮ್ಮಾ ಮುಖ ತಿರುಗಿಸಿ ಮಾತಿಲ್ಲದೆ ಗಾಡಿ ಹತ್ತುತ್ತಾಳೆ. ನೈಟ್ಲಿ ಅದನ್ನು ಮುನಿಸೆಂದು ತಿಳಿಯುತ್ತಾನೆ. ಅದು ತನ್ನ ಮೇಲೆಯೇ ತನಗೆ ಬಂದ ಸಿಟ್ಟು, ಅವಮಾನ, ದುಃಖ ಎಂದು ನಮಗೆ ಗೊತ್ತು. ಅವಳು ಚೇತರಿಸಿಕೊಂಡು ಕೈಸನ್ನೆ ಮಾಡಿ ಕರೆಯಬೇಕೆನ್ನುವಷ್ಟರಲ್ಲಿ ಅವನು ಹಿಂದಿರುಗಿದ್ದಾನೆ, ಕುದುರೆಗಳು ಹೊರಟಿವೆ. ಹಿಂದೆ ಎಮ್ಮಾಳಿಗೆ ತಿಳಿಯದ ನೋವು ನಮಗೆ ತಿಳಿದಿತ್ತು. ಅದರಿಂದ ನಾವು ಅವಳಿಂದ ಒಂದು ಹೆಜ್ಜೆ ದೂರ ಸರಿದೆವು. ಈಗ ನೈಟ್ಲಿಗೆ ತಿಳಿಯದ ಪಶ್ಚಾತ್ತಾಪ ನಮಗೆ ತಿಳಿದಿದೆ. ಅದರಿಂದ ನಾವು ಅವಳ ಹತ್ತಿರಕ್ಕೆ ಮರಳುತ್ತೇವೆ. ಗಾಡಿಯಲ್ಲಿ ಜೊತೆಗಿರುವ ಹ್ಯಾರಿಯೆಟ್ ಎಂಬ ಹುಡುಗಿಯೂ ಬಳಲಿ ಸುಮ್ಮನಿದ್ದಾಳೆ. ಎಮ್ಮಾ ಒರಸಿಕೊಳ್ಳದೆ ಹರಿಯಬಿಟ್ಟ ಆ ಕಣ್ಣೀರನ್ನು ಕಂಡವನು ಓದುಗನೊಬ್ಬನೇ ಎಂಬಂತೆ ಅಧ್ಯಾಯ ಮುಗಿಯುತ್ತದೆ.

ಇದೇ ಘಟನೆಯನ್ನು ಮಿಸ್ ಬೇಟ್ಸಳ ನೆಲೆಯಿಂದ ಹೇಳಿದ್ದರೆ ಹೇಗಿರುತ್ತಿತ್ತೆಂದು ಊಹಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಧ್ಯಾಯವು ಆಕೆ ನೈಟ್ಲಿಯೊಡನೆ ದೂರ ಸರಿದು ಹೋಗುವುದರೊಡನೆ ಮುಗಿಯಬೇಕಾಗಿತ್ತು. ಎಮ್ಮಾಳ ಬೇಸರವೂ ಇಲ್ಲ, ಕಣ್ಣೀರೂ ಇಲ್ಲ. ಉಳಿಯುವುದು ಬಡವಿಯನ್ನು ಹಂಗಿಸಿ ನಗುತ್ತ ಕುಳಿತ ಧನಿಕ ಕನ್ಯೆಯ ಚಿತ್ರ ಮಾತ್ರ. ಒಂದು ಸಂಗತಿಯೂ ಸುಳ್ಳಲ್ಲ, ಒಂದು ಮಾತೂ ಬದಲಾಗಿಲ್ಲ, ತೀರ್ಪು ಬದಲಾಯಿತು.

ಇನ್ನು ಜೇನ್ ಫೇರ್‌ಫ್ಯಾಕ್ಸಳ ನೆಲೆ. ಇಲ್ಲಿ ಈ ವಿಧಾನದ ಮಿತಿಯೂ, ಅದು ತೆಗೆದುಕೊಳ್ಳುವ ಬೆಲೆಯೂ ಕಾಣುತ್ತದೆ. ಆ ದಿನ ಗುಡ್ಡದ ಮೇಲೆ ಹೆಚ್ಚು ನೊಂದವಳು ಪ್ರಾಯಶಃ ಈಕೆಯೇ. ತಾನು ವರಿಸಿದವನು ಕಣ್ಣೆದುರಿಗೆ ಇನ್ನೊಬ್ಬಳೊಡನೆ ಸರಸವಾಡುತ್ತಾನೆ. ಅವಸರದ ಪರಿಚಯದಿಂದಾಗುವ ವಿವಾಹಗಳನ್ನು ಕುರಿತು ಚುಚ್ಚಿ ಮಾತನಾಡುತ್ತಾನೆ. ಜೇನ್ ಸ್ಥಿರವಾದ ಧ್ವನಿಯಲ್ಲಿ, ಅಂಥ ಬಂಧನದಲ್ಲಿ ಕೊನೆಯವರೆಗೂ ನರಳುವವರು ದುರ್ಬಲರು ಮಾತ್ರ ಎಂಬರ್ಥದ ಉತ್ತರ ಕೊಡುತ್ತಾಳೆ. ಅದು ಎಲ್ಲರೆದುರಿಗೆ ನಡೆದ ಪ್ರೇಮಿಗಳ ಜಗಳ, ಸಂಬಂಧ ಕಡಿದುಕೊಳ್ಳುವ ಸೂಚನೆ. ಎಮ್ಮಾಳಿಗೆ ಅದು ಕೇವಲ ಹರಟೆ. ಮೊದಲ ಓದಿನಲ್ಲಿ ನಮಗೂ ಹರಟೆಯೇ. ಅಂದು ಸಂಜೆಯೇ ಜೇನ್ ದೂರದ ಮನೆಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸಕ್ಕೆ ಒಪ್ಪಿಕೊಂಡಳೆಂದು ಮುಂದಿನ ಅಧ್ಯಾಯದಲ್ಲಿ ತಿಳಿದಾಗಲೂ ಅದರ ಕಾರಣ ನಮಗೆ ಹೊಳೆಯುವುದಿಲ್ಲ. ಅಮೆರಿಕದ ವಿಮರ್ಶಕ ವೇನ್ ಬೂತ್ 1961ರಲ್ಲಿ ಈ ಕಾದಂಬರಿಯನ್ನು ವಿವೇಚಿಸುತ್ತ, ಜೇನಳ ಮನಸ್ಸನ್ನು ನಮಗೆ ತೆರೆದಿದ್ದರೆ ಎಮ್ಮಾ ಕಥಾನಾಯಿಕೆಯಾಗಿ ಉಳಿಯುತ್ತಿರಲಿಲ್ಲವೆಂಬುದನ್ನು ತೋರಿಸಿಕೊಟ್ಟನು. ಎಮ್ಮಾಳಿಗೆ ನಮ್ಮ ಸಹಾನುಭೂತಿ ದೊರೆಯಬೇಕಾದರೆ ಜೇನಳ ಬಾಗಿಲು ಮುಚ್ಚಿರಬೇಕು.

ಆದರೂ ಗ್ರಂಥಕರ್ತ್ರಿ ಮೋಸ ಮಾಡಿಲ್ಲ. ಎರಡು ಅಧ್ಯಾಯಗಳ ಹಿಂದೆ ಆಕೆ ನೋಟವನ್ನು ಎಮ್ಮಾಳಿಂದ ತೆಗೆದು ನೈಟ್ಲಿಗೆ ಕೊಟ್ಟಿದ್ದಳು. ಫ್ರಾಂಕನಿಗೂ ಜೇನಳಿಗೂ ಏನೋ ಗುಟ್ಟಿನ ನಂಟಿದೆಯೆಂದು ಅವನಿಗೆ ಸಂಶಯ ಬಂದುದನ್ನು ನಾವು ಓದಿದ್ದೆವು. ಎಮ್ಮಾ ಅದನ್ನು ನಕ್ಕು ತಳ್ಳಿಹಾಕಿದಳು; ಅವಳನ್ನು ನಂಬಿ ನಾವೂ ತಳ್ಳಿಹಾಕಿದೆವು. ಎರಡನೆಯ ಸಲ ಓದುವಾಗ ಬಾಕ್ಸ್ ಹಿಲ್ಲಿನ ಮೇಲೆ ನಮಗೆ ಕಾಣುವವಳು ಜೇನ್. ಆಗ ನಾಚಿಕೆಯಾಗುವುದು ಎಮ್ಮಾಳಿಗಾಗಿ ಅಲ್ಲ, ಮೊದಲ ಸಲ ಕಾಣದೆ ಹೋದ ನಮಗಾಗಿ.

ಇಂಥ ಕಥನವನ್ನು ಓದುವಾಗ ಎರಡು ತಪ್ಪುಗಳು ಸಂಭವಿಸುತ್ತವೆ. ಪಾತ್ರದ ಮನಸ್ಸಿನಲ್ಲಿ ಸುಳಿದುದನ್ನು ಗ್ರಂಥಕರ್ತೃವಿನ ಅಭಿಪ್ರಾಯವೆಂದು ತಿಳಿಯುವುದು ಒಂದು. ತನಗೊಬ್ಬ ಹೆಂಡತಿಯನ್ನು ಆರಿಸಿಕೊಡೆಂದು ಫ್ರಾಂಕ್ ತಮಾಷೆಗೆ ಕೇಳಿದಾಗ ಅದು ಹ್ಯಾರಿಯೆಟ್ಟಳಿಗೆ ಹೊಂದುತ್ತದೆಯೆಂಬ ಯೋಚನೆ ಬರುತ್ತದೆ. ಅದು ಜೇನ್ ಆಸ್ಟೆನ್ನಳ ಯೋಚನೆಯಲ್ಲ, ಎಮ್ಮಾಳ ಭ್ರಮೆ. ಒಳಗನ್ನು ತೋರಿಸಿದ ಮಾತ್ರಕ್ಕೆ ಕ್ಷಮಿಸಿದಂತಾಯಿತೆಂದು ತಿಳಿಯುವುದು ಇನ್ನೊಂದು. ಎಮ್ಮಾಳ ಒಳಗನ್ನು ನಮಗೆ ತೋರಿಸಿದ್ದರಿಂದ ಅವಳ ತಪ್ಪು ಸಣ್ಣದಾಗಲಿಲ್ಲ. ಅದು ನಮ್ಮಂಥವರು ಮಾಡಬಹುದಾದ ತಪ್ಪೆಂದು ತಿಳಿಯಿತು. ಇವೆರಡರ ನಡುವೆ ಭೇದವಿದೆ.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅಧ್ಯಾಯದ ಹಂಚಿಕೆ ಸಮವಾಗಿಲ್ಲ ಎಂಬುದು ನಿಜ. ಆದರೆ ಆ ಒಂದು ವಾಕ್ಯವಿಲ್ಲದಿದ್ದರೆ ಎಮ್ಮಾಳ ಕಣ್ಣೀರು ಬೈಸಿಕೊಂಡ ಹುಡುಗಿಯ ಕಣ್ಣೀರು ಮಾತ್ರವಾಗುತ್ತಿತ್ತು. ಮಿಸ್ ಬೇಟ್ಸಳ ಮುಖ ಕೆಂಪೇರಿದ್ದನ್ನು ನಾವು ಮೊದಲೇ ಕಂಡಿದ್ದರಿಂದ, ಎಮ್ಮಾಳ ಕಣ್ಣೀರಿಗೆ ಕಾರಣ ನೈಟ್ಲಿಯ ಬೈಗಳಷ್ಟೇ ಅಲ್ಲವೆಂದು ತಿಳಿಯುತ್ತದೆ. ಅವಳೂ ಈಗ ತಡವಾಗಿ ಆ ಮುಖವನ್ನು ಕಾಣುತ್ತಿದ್ದಾಳೆ. ಮರುದಿನ ಬೆಳಗ್ಗೆ ಅವಳು ಎದ್ದು ನೇರವಾಗಿ ಮಿಸ್ ಬೇಟ್ಸಳ ಮನೆಯ ಮೆಟ್ಟಿಲು ಹತ್ತುತ್ತಾಳೆ. ಗ್ರಂಥವು ಕೈಗೆ ಸಿಕ್ಕಿದವರು ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ, ಸಾಧ್ಯವಾದರೆ ಎರಡು ಸಲ ಓದಬೇಕೆಂದು ಬೇಡಿ, ಈ ಮಾತನ್ನು ಮುಗಿಸುತ್ತೇನೆ.